ಟಿವಿ ಆಡ್ ನೋಡಿದ ಮನೆಯವರು ನಿಮ್ಮ ವೆಬ್‌ಸೈಟಿಗೆ ಬಂದರಾ? ಲೆಕ್ಕ ಹಾಕುವುದು ಹೀಗೆ

ಮಂಗಳೂರು, ಉಡುಪಿ ಕಡೆಯ ಅಂಗಡಿಯವರು, ಹೋಮ್‌ಸ್ಟೇ ನಡೆಸುವವರು, ಕೋಚಿಂಗ್ ಸೆಂಟರಿನವರು ಈಗ ಸ್ಮಾರ್ಟ್ ಟಿವಿಯಲ್ಲಿ ಆಡ್ ಹಾಕಲು ಶುರು ಮಾಡಿದ್ದಾರೆ. ತಿಂಗಳ ಕೊನೆಗೆ ಏಜೆನ್ಸಿಯಿಂದ ವರದಿ ಬರುತ್ತದೆ. ಅದನ್ನು ಕಳಿಸಿ ಬಹಳ ಜನ ಕೇಳುವ ಪ್ರಶ್ನೆ ಒಂದೇ: "ಕಂಪ್ಲೀಶನ್ ರೇಟ್ ಶೇ. 97 ಅಂತಿದೆ, ಆಡ್ ನೋಡಿದ 300 ಮನೆಗಳಿಂದ ಸೈಟಿಗೆ ಭೇಟಿ ಅಂತಿದೆ. ಇದನ್ನು ನಂಬಬಹುದಾ?"

ಕಂಪ್ಲೀಶನ್ ರೇಟ್ ಅಂದರೆ ಶುರುವಾದ ಆಡ್‌ಗಳಲ್ಲಿ ಎಷ್ಟು ಪೂರ್ತಿ ಓಡಿದವು ಅನ್ನುವ ಶೇಕಡಾ ಲೆಕ್ಕ. ಎರಡೂ ಅಂಕಿ ಸರಿಯಾಗಿಯೇ ಇರಬಹುದು. ಆದರೆ ನಿಮಗೆ ಬೇಕಾದ ಉತ್ತರ ಅವುಗಳಲ್ಲಿ ಇಲ್ಲ. ನಿಮಗೆ ಬೇಕಾದದ್ದು, ಆಡ್ ಹಾಕದೇ ಇದ್ದಿದ್ದರೆ ಆ 300ರಲ್ಲಿ ಎಷ್ಟು ಮನೆಯವರು ಬರುತ್ತಿರಲಿಲ್ಲ ಅನ್ನುವುದು. ಅದನ್ನು ಕಂಡುಹಿಡಿಯುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಉದಾಹರಣೆಗೆ ಒಂದು ಅಂಗಡಿ ಇಟ್ಟುಕೊಳ್ಳೋಣ. ಮಂಗಳೂರಿನಿಂದ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸ್ ಕೊರಿಯರ್‌ನಲ್ಲಿ ಕಳಿಸುವ ಅಂಗಡಿ. 30 ಸೆಕೆಂಡಿನ ಒಂದು ಆಡ್. ಖರ್ಚು 40,000 ರೂಪಾಯಿ. ಆಡ್ ತಲುಪಿದ್ದು 20,000 ಮನೆ, ಒಂದೊಂದು ಮನೆಗೆ ಸರಾಸರಿ 4 ಸಲ, ಅಂದರೆ ಒಟ್ಟು 80,000 ಪ್ರದರ್ಶನ. ಅಂಕಿಗಳೆಲ್ಲ ಲೆಕ್ಕ ತೋರಿಸಲು ನಾನೇ ಇಟ್ಟವು. ನಿಮ್ಮದು ಬೇರೆ ಇರುತ್ತದೆ.

ಮೊದಲು ಕೈಯಲ್ಲಿ ಇರಬೇಕಾದ್ದು

ಒಂದು, ಆಡ್ ಲಾಗ್. ಯಾವ ಟಿವಿಯಲ್ಲಿ, ಯಾವ ಐಪಿ ವಿಳಾಸದಲ್ಲಿ, ಎಷ್ಟು ಹೊತ್ತಿಗೆ ಆಡ್ ಓಡಿತು ಅನ್ನುವ ಪಟ್ಟಿ. ಐಪಿ ವಿಳಾಸ ಅಂದರೆ ಆ ಮನೆಯ ಇಂಟರ್ನೆಟ್ ಸಂಪರ್ಕ ಹೊರಜಗತ್ತಿಗೆ ತೋರಿಸುವ ನಂಬರು. ಎರಡು, ನಿಮ್ಮ ವೆಬ್‌ಸೈಟಿನ ಭೇಟಿಗಳ ಲಾಗ್. ಅದರಲ್ಲೂ ಐಪಿ ಮತ್ತು ಸಮಯ ಇರಬೇಕು. ಮೂರು, ಆಡ್ ತೋರಿಸದೆ ಬೇಕೆಂದೇ ಬಿಟ್ಟ ಕೆಲವು ಮನೆಗಳು. ಇದಕ್ಕೆ ಕಂಟ್ರೋಲ್ ಗುಂಪು ಅನ್ನುತ್ತಾರೆ. ಈ ಮೂರನೆಯದನ್ನು ಆಡ್ ಶುರುವಾಗುವ ಮೊದಲೇ ಕೇಳಿ ಇಟ್ಟುಕೊಳ್ಳಬೇಕು. ಆಡ್ ಮುಗಿದ ಮೇಲೆ ಸರಿಯಾದ ಕಂಟ್ರೋಲ್ ಗುಂಪು ಹುಟ್ಟಿಸಲು ಆಗುವುದಿಲ್ಲ.

ಕಚ್ಚಾ ಆಡ್ ಲಾಗನ್ನು ಎಲ್ಲ ವೇದಿಕೆಗಳೂ ಕೊಡುವುದಿಲ್ಲ. ಯೂಟ್ಯೂಬ್‌ನಲ್ಲಿ ನೋಡುಗರ ಐಪಿ ಪಟ್ಟಿ ಜಾಹೀರಾತುದಾರರ ಕೈಗೆ ಸಿಗುವುದೇ ಇಲ್ಲ. ಅಂಥವರು 6ನೇ ಹಂತಕ್ಕೆ ಹೋಗಬಹುದು. ಬೇರೆ ಕಡೆ ಸಾಮಾನ್ಯವಾಗಿ ಏಜೆನ್ಸಿಯೋ ಅಳತೆ ಮಾಡುವ ಕಂಪನಿಯೋ ಲಾಗ್ ಇಟ್ಟುಕೊಂಡು ನಿಮಗೆ ವರದಿ ಮಾತ್ರ ಕಳಿಸುತ್ತದೆ. ಆಗ ಮುಂದಿನ ಹಂತಗಳನ್ನು ಅವರಿಗೆ ಕೇಳುವ ಪ್ರಶ್ನೆಗಳಾಗಿ ಬಳಸಿಕೊಳ್ಳಿ.

1. ಕಂಪ್ಲೀಶನ್ ರೇಟನ್ನು ಅದರ ಜಾಗದಲ್ಲಿ ಇಡಿ

ಟಿವಿ ಆಪ್‌ನಲ್ಲಿ ಆಡ್ ಓಡುವಾಗ ಪ್ಲೇಯರ್ ಐದು ಸಲ ಸಂದೇಶ ಕಳಿಸುತ್ತದೆ: `start`, `firstQuartile`, `midpoint`, `thirdQuartile`, `complete`. ಅಂದರೆ ಶುರು, ಕಾಲು ಭಾಗ, ಅರ್ಧ, ಮುಕ್ಕಾಲು, ಪೂರ್ತಿ. ಈ ಹೆಸರುಗಳು ವಿಡಿಯೊ ಆಡ್‌ಗಳಿಗೆ ಇರುವ ವಾಸ್ಟ್ ಅನ್ನುವ ಮಾನದಂಡದಿಂದ ಬಂದವು. `complete` ಸಂಖ್ಯೆಯನ್ನು `start` ಸಂಖ್ಯೆಯಿಂದ ಭಾಗಿಸಿದರೆ ಕಂಪ್ಲೀಶನ್ ರೇಟ್. ನಮ್ಮ ಅಂಗಡಿಯ ಲೆಕ್ಕದಲ್ಲಿ 80,000ಕ್ಕೆ 77,600, ಅಂದರೆ ಶೇ. 97.

ಕೆಲವರು `start` ಬದಲು ಇಂಪ್ರೆಶನ್ ಸಂಖ್ಯೆಯಿಂದ, ಅಂದರೆ ಆಡ್ ತೋರಿಸಿದ್ದಾಗಿ ದಾಖಲಾದ ಒಟ್ಟು ಸಲಗಳಿಂದ, ಭಾಗಿಸುತ್ತಾರೆ. ಎರಡು ಏಜೆನ್ಸಿಗಳ ವರದಿ ಪಕ್ಕಪಕ್ಕ ಇಟ್ಟು ನೋಡುವಾಗ ಭಾಗಿಸಿದ್ದು ಯಾವುದರಿಂದ ಅಂತ ಕೇಳದೆ ಹೋಲಿಸಬೇಡಿ.

ಈ 97 ನೋಡಿ ಖುಷಿಪಡುವ ಮೊದಲು ಒಂದು ವಿಷಯ ತಿಳಿದಿರಲಿ. ಟಿವಿ ಆಪ್‌ಗಳಲ್ಲಿ ಬಹಳಷ್ಟು ಆಡ್‌ಗಳಿಗೆ ಸ್ಕಿಪ್ ಬಟನ್ ಇರುವುದಿಲ್ಲ. ಧಾರಾವಾಹಿ ಮುಂದುವರಿಯಬೇಕಾದರೆ ಆಡ್ ಮುಗಿಯಲೇಬೇಕು. ಅಡುಗೆಮನೆಗೆ ಹೋಗಿ ಚಾ ಮಾಡಿಕೊಂಡು ಬಂದರೂ ಅದು `complete` ಅಂತಲೇ ಲೆಕ್ಕ. ಹಾಗಾಗಿ ಇಂಥ ಆಡ್‌ಗೆ ಶೇ. 95 ದಾಟಿದ ರೇಟ್ ಸಾಮಾನ್ಯ. ಆಡ್ ಚೆನ್ನಾಗಿತ್ತಾ, ಜನ ನೋಡಿದರಾ ಅನ್ನುವುದಕ್ಕೆ ಅದು ಉತ್ತರ ಅಲ್ಲ. ಯೂಟ್ಯೂಬ್‌ನಲ್ಲಿ 5 ಸೆಕೆಂಡ್ ಆದ ಮೇಲೆ ಸ್ಕಿಪ್ ಮಾಡಬಹುದಾದ ಆಡ್ ಹಾಕಿದ್ದರೆ ಮಾತ್ರ ಕಂಪ್ಲೀಶನ್ ರೇಟ್ ನೋಡುಗರ ಮನಸ್ಸಿನ ಬಗ್ಗೆ ಏನಾದರೂ ಹೇಳುತ್ತದೆ. ಈ ಎರಡು ಬಗೆಯನ್ನು ಕೂಡಿಸಿ ಒಂದೇ ಸರಾಸರಿ ಕೊಟ್ಟ ವರದಿ ಬಂದರೆ ವಾಪಸ್ ಕಳಿಸಿ, ಬೇರೆ ಬೇರೆ ಮಾಡಿಸಿ.

ಇನ್ನೊಂದು, ಟಿವಿ ಆಫ್ ಆಗಿದ್ದರೂ ಆಡ್ ಓಡುವ ಸಮಸ್ಯೆ. ಟಿವಿಗೆ ಸ್ಟ್ರೀಮಿಂಗ್ ಸ್ಟಿಕ್ ಅಥವಾ ಸೆಟ್ ಟಾಪ್ ಬಾಕ್ಸ್ ಚುಚ್ಚಿದ್ದರೆ, ರಿಮೋಟ್‌ನಲ್ಲಿ ಟಿವಿ ಆಫ್ ಮಾಡಿದರೂ ಒಳಗೆ ಆಪ್ ಓಡುತ್ತಲೇ ಇರಬಹುದು. ಲಾಗ್‌ನಲ್ಲಿ ಇದು ಕಾಣುವ ರೀತಿ ಹೀಗೆ: ಒಂದೇ ಸಾಧನದಿಂದ ರಾತ್ರಿ 11ರಿಂದ ಬೆಳಗಿನ ಜಾವದವರೆಗೆ ತಪ್ಪದೆ ಆಡ್, ಎಲ್ಲವೂ ಪೂರ್ತಿ, ನಡುವೆ ಒಂದು ಸಲವೂ ನಿಲ್ಲಿಸಿದ್ದಿಲ್ಲ, ಚಾನೆಲ್ ಬದಲಿಸಿದ್ದಿಲ್ಲ. ಇಂಥವನ್ನು ಬೇರೆ ತೆಗೆದಿಡಿ. ಟಿವಿಯೊಳಗೇ ಇರುವ ಆಪ್‌ನಲ್ಲಿ ಈ ತೊಂದರೆ ಕಡಿಮೆ. ಟಿವಿ ಆಫ್ ಆದರೆ ಆಪ್ ಕೂಡ ನಿಲ್ಲುತ್ತದೆ.

ಕಂಪ್ಲೀಶನ್ ಲಾಗ್ ನಿಜಕ್ಕೂ ಉಪಯೋಗಕ್ಕೆ ಬರುವುದು ಮೋಸ ಮತ್ತು ತಾಂತ್ರಿಕ ದೋಷ ಹಿಡಿಯಲು. ಆಡ್ 30 ಸೆಕೆಂಡ್ ಇದ್ದರೆ `start`ಗೂ `complete`ಗೂ ನಡುವೆ ಸುಮಾರು 30 ಸೆಕೆಂಡ್ ಇರಬೇಕು ಅಲ್ವಾ? ಐದೂ ಸಂದೇಶ ಒಂದೇ ಸೆಕೆಂಡಿನಲ್ಲಿ ಬಂದಿದ್ದರೆ ಅದನ್ನು ಕಳಿಸಿದ್ದು ಟಿವಿ ಅಲ್ಲ. ಬಹುಶಃ ಸರ್ವರ್ ಒಟ್ಟಿಗೆ ಕಳಿಸಿದೆ. `start`ಗಿಂತ `complete` ಜಾಸ್ತಿ ಇದ್ದರೂ ಅಷ್ಟೇ, ಎಲ್ಲೋ ಎರಡೆರಡು ಸಲ ಎಣಿಕೆ ಆಗಿದೆ.

2. ಎರಡೂ ಲಾಗ್‌ಗಳ ಗಡಿಯಾರ ಒಂದು ಮಾಡಿ

ಚಿಕ್ಕ ಕೆಲಸ, ಆದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ದಂಡ. ಆಡ್ ಲಾಗ್ ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಗಡಿಯಾರದಲ್ಲಿ ಇರುತ್ತದೆ. ನಿಮ್ಮ ಸೈಟಿನ ವರದಿ ಭಾರತದ ಸಮಯದಲ್ಲಿ ಇರುತ್ತದೆ. ನಡುವೆ ಐದೂವರೆ ಗಂಟೆ ವ್ಯತ್ಯಾಸ. ಹಾಗೇ ಜೋಡಿಸಿದರೆ ರಾತ್ರಿ 9ಕ್ಕೆ ಓಡಿದ ಆಡ್ ಮಧ್ಯಾಹ್ನ 3:30ಕ್ಕೆ ಓಡಿದಂತೆ ಕಾಣುತ್ತದೆ. ಆಗ ಸಂಜೆ 5ಕ್ಕೆ ಆಡ್ ನೋಡದೆಯೇ ಸೈಟಿಗೆ ಬಂದವರೂ 'ಆಡ್ ನೋಡಿದ ಮೇಲೆ ಬಂದವರು' ಆಗಿಬಿಡುತ್ತಾರೆ. ಎರಡನ್ನೂ ಯುಟಿಸಿಗೆ ತನ್ನಿ. ನಿಮ್ಮ ಸ್ವಂತ ಮನೆಯ ಟಿವಿಯಲ್ಲಿ ಆಡ್ ಬಂದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಂಡು ಲಾಗ್‌ನ ಜೊತೆ ತಾಳೆ ನೋಡಿದರೆ ಅನುಮಾನ ಉಳಿಯುವುದಿಲ್ಲ.

3. ಐಪಿಯಿಂದ ಮನೆ ಗುರುತಿಸಿ, ಗುರುತಿಸಲಾಗದ್ದನ್ನು ಬಿಡಿ

ಟಿವಿ ಆಪ್‌ನಲ್ಲಿ ಬ್ರೌಸರಿನಂತೆ ಕುಕೀ ಇಲ್ಲ. ಪ್ರತಿ ಟಿವಿಗೂ ಒಂದು ಜಾಹೀರಾತು ಐಡಿ ಇರುತ್ತದೆ, ಆದರೆ ಆ ಐಡಿ ನಿಮ್ಮ ವೆಬ್‌ಸೈಟಿಗೆ ಕಾಣುವುದಿಲ್ಲ. ಜನ ಆಡ್ ನೋಡುವುದು ಟಿವಿಯಲ್ಲಿ, ಸೈಟಿಗೆ ಬರುವುದು ಫೋನಿನಲ್ಲಿ. ಎರಡನ್ನೂ ಕಟ್ಟುವ ದಾರ ಒಂದೇ: ಎರಡೂ ಒಂದೇ ಮನೆಯ ವೈಫೈಯಲ್ಲಿ ಇದ್ದರೆ ಹೊರಗೆ ಒಂದೇ ಐಪಿ ಕಾಣುತ್ತದೆ. ಈ ದಾರ ನಮ್ಮ ಕಡೆ ಸುಲಭವಾಗಿ ಹರಿಯುತ್ತದೆ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ಕಾರಣ, ಒಂದೇ ಐಪಿಯನ್ನು ಬಹಳ ಮನೆಗಳು ಹಂಚಿಕೊಳ್ಳುವುದು. ಹಳೆ ಮಾದರಿಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಸಾಕಷ್ಟು ಇಲ್ಲ. ಹಾಗಾಗಿ ಮೊಬೈಲ್ ಕಂಪನಿಗಳು ಮತ್ತು ಎಷ್ಟೋ ಬ್ರಾಡ್‌ಬ್ಯಾಂಡ್‌ನವರು ಬಹಳ ಗ್ರಾಹಕರನ್ನು ಒಂದು ಹೊರ ಐಪಿಯ ಹಿಂದೆ ಕೂರಿಸುತ್ತಾರೆ. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ನಿಮ್ಮ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬ್ರೌಸರಿನಲ್ಲಿ ರೌಟರ್ ಪುಟ ತೆರೆಯಿರಿ, ಹೆಚ್ಚಾಗಿ `192.168.1.1` ಅಥವಾ `192.168.0.1`. ಅಲ್ಲಿ `WAN IP` ಅಂತ ಇರುವ ನಂಬರು ನೋಡಿ. ಅದು `100.64.0.0`ರಿಂದ `100.127.255.255`ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಹೊರಗಿನ ಸೈಟುಗಳಿಗೆ ಕಾಣುವುದು ಬೇರೆ ನಂಬರು, ಅದು ಪಕ್ಕದ ಬೀದಿಯ ಮನೆಯದ್ದೂ ಹೌದು. ಅಲ್ಲಿ ಒಬ್ಬರು ಆಡ್ ನೋಡಿ, ಇಲ್ಲಿ ನೀವು ಸೈಟಿಗೆ ಹೋದರೆ ವರದಿಯಲ್ಲಿ ಅದು ಹೊಂದಿಕೆಯಾಗಿ ಕಾಣುತ್ತದೆ.

ಇದನ್ನು ಲಾಗ್‌ನಲ್ಲಿ ಹಿಡಿಯುವುದು ಕಷ್ಟ ಅಲ್ಲ. ಒಂದು ಮನೆಯಲ್ಲಿ ಒಂದೋ ಎರಡೋ ಟಿವಿ ಇರುತ್ತದೆ. ಒಂದೇ ದಿನ ಒಂದೇ ಐಪಿಯಲ್ಲಿ 4ಕ್ಕಿಂತ ಜಾಸ್ತಿ ಟಿವಿ ಐಡಿ ಕಂಡರೆ ಆ ಐಪಿಯನ್ನು ನಾನು ಲೆಕ್ಕದಿಂದ ತೆಗೆಯುತ್ತೇನೆ. ಇದು ನನ್ನ ರೂಢಿ, ಶಾಸನ ಅಲ್ಲ. 3 ಇಟ್ಟರೂ 5 ಇಟ್ಟರೂ ತೊಂದರೆ ಇಲ್ಲ, ಆದರೆ ಫಲಿತಾಂಶ ನೋಡುವ ಮೊದಲೇ ಗೆರೆ ಎಳೆದಿರಬೇಕು. ಮಣಿಪಾಲದ ಹಾಸ್ಟೆಲ್, ಪಿಜಿಗಳು, ಲಾಡ್ಜ್, ಆಫೀಸುಗಳ ವೈಫೈ ಕೂಡ ಇದೇ ಜರಡಿಯಲ್ಲಿ ಬಹಳಷ್ಟು ಹೋಗುತ್ತದೆ.

ಎರಡನೆಯದು ಐಪಿವಿ6. ಹೊಸ ಮಾದರಿಯಲ್ಲಿ ವಿಳಾಸಕ್ಕೆ ಬರವಿಲ್ಲ, ಆದರೆ ಮನೆಯ ಪ್ರತಿ ಸಾಧನಕ್ಕೂ ಬೇರೆ ವಿಳಾಸ. ಟಿವಿಯದ್ದೇ ಒಂದು, ಫೋನಿನದ್ದೇ ಒಂದು, ಫೋನಿನದ್ದು ಆಗಾಗ ಬದಲಾಗುತ್ತಲೂ ಇರುತ್ತದೆ. ಪೂರ್ತಿ ವಿಳಾಸ ಹೋಲಿಸಿದರೆ ಹೆಚ್ಚುಕಡಿಮೆ ಏನೂ ಹೊಂದುವುದಿಲ್ಲ. ಒಂದೇ ವೈಫೈಯಲ್ಲಿ ಇರುವ ಸಾಧನಗಳಿಗೆ ವಿಳಾಸದ ಮೊದಲ ಅರ್ಧ, ಅಂದರೆ ಮೊದಲ 64 ಬಿಟ್, ಸಾಮಾನ್ಯವಾಗಿ ಒಂದೇ ಇರುತ್ತದೆ. ಅದನ್ನು `/64` ಅಂತ ಬರೆಯುತ್ತಾರೆ. ಹೋಲಿಸಬೇಕಾದ್ದು ಅಷ್ಟನ್ನೇ. ಹಾಗೆಯೇ ಟಿವಿ ಐಪಿವಿ4ರಲ್ಲಿ, ಫೋನ್ ಐಪಿವಿ6ರಲ್ಲಿ ದಾಖಲಾದರೆ ಒಂದೇ ಮನೆಯಾದರೂ ಹೊಂದುವುದಿಲ್ಲ. ಇದಕ್ಕೆ ನಿಮ್ಮ ಕೈಯಲ್ಲಿ ಮದ್ದಿಲ್ಲ, ಆ ಭೇಟಿ ಲೆಕ್ಕದಿಂದ ತಪ್ಪುತ್ತದೆ ಅಷ್ಟೇ.

ಮೂರನೆಯದು ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತದೆ, ರೌಟರ್ ಆಫ್ ಆಗಿ ಆನ್ ಆಗುತ್ತದೆ. ಎಷ್ಟೋ ಸಂಪರ್ಕಗಳಲ್ಲಿ ಆಗ ಹೊಸ ಐಪಿ ಬರುತ್ತದೆ. ಹಳೆಯದು ಇನ್ನೊಂದು ಮನೆಗೆ ಹೋಗಬಹುದು. ಆಡ್ ನೋಡಿ 30 ದಿನದ ಒಳಗಿನ ಭೇಟಿಯನ್ನೆಲ್ಲ ಹೊಂದಿಸಿದ ವರದಿಯನ್ನು ನಾನು ಒಪ್ಪದೇ ಇರುವುದು ಇದಕ್ಕೇ. ನಮ್ಮ ಕಡೆ 3 ದಿನ ಇಟ್ಟುಕೊಳ್ಳಿ, ಬೇಸಿಗೆಯಲ್ಲಾದರೆ 7ರವರೆಗೆ ಹೋಗಬಹುದು.

ಕೊನೆಯದಾಗಿ, ಸ್ಟ್ರೀಮಿಂಗ್ ವೇದಿಕೆಗಳು ಎಷ್ಟೋ ಸಲ ಆಡನ್ನು ಸರ್ವರಿನಲ್ಲೇ ಕಾರ್ಯಕ್ರಮದ ನಡುವೆ ಹೊಲಿದು ಕಳಿಸುತ್ತವೆ. ಆಗ ಸಂದೇಶ ಕಳಿಸುವುದೂ ಸರ್ವರೇ ಆಗಿರಬಹುದು. ಟಿವಿಯ ನಿಜವಾದ ಐಪಿಯನ್ನು `X-Device-IP` ಅನ್ನುವ ಹೆಡರಿನಲ್ಲಿ ಸೇರಿಸಿ ಕಳಿಸದಿದ್ದರೆ ಲಾಗ್‌ನಲ್ಲಿ ಡೇಟಾ ಸೆಂಟರಿನ ಐಪಿ ಕೂರುತ್ತದೆ. ಸಾವಿರಾರು ಆಡ್‌ಗಳಿಗೆ ಬೆರಳೆಣಿಕೆಯ ಐಪಿ ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ.

4. ಹೊಂದಿಸಿ

ಮೇಲಿನ ಜರಡಿ ಆದ ಮೇಲೆ ಉಳಿಯುವ ಕೋಷ್ಟಕಗಳು ಎರಡು. `homes`ನಲ್ಲಿ ಪ್ರತಿ ಮನೆಗೆ ಒಂದು ಸಾಲು: ಮನೆಯ ಗುರುತು `hh`, ಯಾವ ಗುಂಪು ಅನ್ನುವ `grp`, ಮೊದಲ ಸಲ ಆಡ್ ಬಂದ ಹೊತ್ತು `first_ts`. `visits`ನಲ್ಲಿ ಸೈಟಿನ ಭೇಟಿಗಳು.

```sql
SELECT h.grp,
       COUNT(DISTINCT h.hh) AS homes,
       COUNT(DISTINCT v.hh) AS visited
FROM homes h
LEFT JOIN visits v
  ON v.hh = h.hh
 AND v.ts_utc >  h.first_ts
 AND v.ts_utc <= h.first_ts + INTERVAL '3 days'
GROUP BY h.grp;
```

ಎಣಿಸುತ್ತಿರುವುದು ಭೇಟಿಗಳನ್ನಲ್ಲ, ಮನೆಗಳನ್ನು. ಒಂದೇ ಮನೆಯವರು ಹತ್ತು ಸಲ ಬಂದರೂ ಒಂದೇ. `LEFT JOIN` ಬಿಟ್ಟು ಸುಮ್ನೆ `JOIN` ಬರೆದರೆ ಭೇಟಿ ಕೊಡದ ಮನೆಗಳು ಮಾಯವಾಗಿ ಎರಡೂ ಗುಂಪಿನಲ್ಲಿ ಶೇ. 100 ಬರುತ್ತದೆ. ಹಾಗೆ ಬಂದರೆ ಮೊದಲು ಅಲ್ಲಿ ನೋಡಿ.

ಕಂಟ್ರೋಲ್ ಗುಂಪಿನವರಿಗೆ ಆಡ್ ಬಂದೇ ಇಲ್ಲ, ಮತ್ತೆ `first_ts` ಎಲ್ಲಿಂದ? ಅದಕ್ಕೇ ಆ ಮನೆಗಳಿಗೆ ಅದೇ ಜಾಗದಲ್ಲಿ ಬೇರೆ ಏನೋ ತೋರಿಸುತ್ತಾರೆ. ರಕ್ತದಾನ, ರಸ್ತೆ ಸುರಕ್ಷತೆಯಂಥ ಸಾರ್ವಜನಿಕ ಹಿತದ ಆಡ್ ಆದರೆ ಸಾಕು. ಅದು ಬಂದ ಹೊತ್ತೇ ಅವರ `first_ts`. ಇದರ ಖರ್ಚು ನಿಮ್ಮದೇ, ಹಾಗಾಗಿ ಬೇಡ ಅನ್ನುವವರು ಜಾಸ್ತಿ. ಕೆಲವು ವೇದಿಕೆಗಳು ಆಡ್ ತೋರಿಸಬಹುದಾಗಿದ್ದ ಹೊತ್ತನ್ನು ಮಾತ್ರ ಬರೆದಿಟ್ಟುಕೊಳ್ಳುತ್ತವೆ, ಅಲ್ಲಿ ಈ ಖರ್ಚು ಇಲ್ಲ. ಯಾವ ಮನೆ ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ ನಿರ್ಧಾರ ಆಗಬೇಕು. ಆಡ್ ಸಿಗದೆ ಉಳಿದ ಮನೆಗಳನ್ನೇ ಕಂಟ್ರೋಲ್ ಅಂತ ಕೊಟ್ಟರೆ ತೆಗೆದುಕೊಳ್ಳಬೇಡಿ. ಟಿವಿ ಕಡಿಮೆ ನೋಡುವ ಮನೆಗಳೇ ಅದರಲ್ಲಿ ಸೇರಿರುತ್ತವೆ.

5. 300ನ್ನು ಬಿಡಿಸಿ ನೋಡಿ

ನಮ್ಮ ಹಪ್ಪಳದ ಅಂಗಡಿಗೆ ಹೀಗೆ ಬಂತು ಅಂದುಕೊಳ್ಳಿ. ಆಡ್ ಬಂದ 20,000 ಮನೆಗಳಲ್ಲಿ 300 ಮನೆಯವರು 3 ದಿನದೊಳಗೆ ಸೈಟಿಗೆ ಬಂದರು, ಶೇ. 1.5. ಕಂಟ್ರೋಲ್‌ನ 5,000 ಮನೆಗಳಲ್ಲಿ 60 ಬಂದರು, ಶೇ. 1.2.

ಆಡ್ ಇಲ್ಲದೆಯೂ ಶೇ. 1.2 ಮನೆಯವರು ಬರುತ್ತಿದ್ದರು. ಹಳೆ ಗಿರಾಕಿಗಳು, ನೆಂಟರು ಹೇಳಿ ಬಂದವರು, ಸರ್ಚ್ ಮಾಡಿ ಬಂದವರು. 20,000ಕ್ಕೆ ಅದು 240 ಮನೆ. ಆಡ್‌ನಿಂದ ಹೆಚ್ಚಾಗಿ ಬಂದದ್ದು 60. ವರದಿಯ ಪ್ರಕಾರ ಒಂದು ಮನೆಯ ಭೇಟಿಗೆ ತಗಲಿದ್ದು 133 ರೂಪಾಯಿ. ನಿಜವಾದ ಲೆಕ್ಕದಲ್ಲಿ 667. ಹಪ್ಪಳದ ಕಟ್ಟಿನ ಮೇಲೆ ಎಷ್ಟು ಲಾಭ ಇದೆ ಅಂತ ನಿಮಗೆ ಗೊತ್ತು, ಅದರ ಜೊತೆ ಇಟ್ಟು ನೋಡಬೇಕಾದ್ದು ಈ 667.

ಇಲ್ಲಿಗೇ ನಿಲ್ಲಿಸಬೇಡಿ. ಈ 0.3ರ ವ್ಯತ್ಯಾಸ ಬರೀ ಅದೃಷ್ಟದ್ದೂ ಇರಬಹುದು. ಅದನ್ನು ನೋಡಲು ಕೆಳಗಿನ ಸೂತ್ರ ಸಾಕು. p1, n1 ಅಂದರೆ ಆಡ್ ಗುಂಪಿನಲ್ಲಿ ಬಂದ ಮನೆಗಳ ಪ್ರಮಾಣ ಮತ್ತು ಒಟ್ಟು ಮನೆಗಳು, p2, n2 ಅಂದರೆ ಕಂಟ್ರೋಲ್‌ನವು. 1.5 ಶೇಕಡವನ್ನು 0.015 ಅಂತ ಹಾಕಬೇಕು:

```
SE = sqrt( p1*(1-p1)/n1 + p2*(1-p2)/n2 )
(p1 - p2) ± 1.96 * SE
```

ನಮ್ಮ ಅಂಕಿ ಹಾಕಿದರೆ ಶೇಕಡಾವಾರು ಲೆಕ್ಕದಲ್ಲಿ 0.30 ± 0.35 ಬರುತ್ತದೆ. ಅಂದರೆ ನಿಜವಾದ ಪರಿಣಾಮ −0.05ರಿಂದ 0.65ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹೆಚ್ಚಾಗಿ ಬಂದ ಮನೆ ಸೊನ್ನೆಯೂ ಇರಬಹುದು, 130 ಕೂಡ ಇರಬಹುದು. ಆಡ್ ಕೆಲಸ ಮಾಡಿತು ಅಂತಲೂ ಹೇಳಲಾಗದು, ಮಾಡಲಿಲ್ಲ ಅಂತಲೂ ಹೇಳಲಾಗದು.

ಕಾರಣ ಕಂಟ್ರೋಲ್ ಗುಂಪು ಚಿಕ್ಕದಾದದ್ದು. ಅದೇ 25,000 ಮನೆಗಳನ್ನು ಅರ್ಧ ಅರ್ಧ ಮಾಡಿ, ಅದೇ 1.5 ಮತ್ತು 1.2 ಬಂದಿದ್ದರೆ, ± 0.35 ಇದ್ದದ್ದು ± 0.29ಕ್ಕೆ ಇಳಿಯುತ್ತಿತ್ತು. ಆಗ ಕೆಳಗಿನ ತುದಿ ಸೊನ್ನೆಯಿಂದ ಕೂದಲೆಳೆಯಷ್ಟು ಮೇಲೆ. ಮೊದಲ ಸಲ ಟಿವಿ ಆಡ್ ಹಾಕುವವರಿಗೆ ನಾನು ಹೇಳುವುದು ಇದನ್ನೇ: ಆ ತಿಂಗಳು ಮಾರಾಟಕ್ಕಿಂತ ತಿಳಿವಳಿಕೆಗೆ ಖರ್ಚು ಮಾಡಿ, ಗುಂಪು ಅರ್ಧಕ್ಕರ್ಧ ಇರಲಿ.

ಇನ್ನೊಂದು ಪರೀಕ್ಷೆ ತಪ್ಪದೆ ಮಾಡಿ. ಅದೇ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ, ಆಡ್ ಬರುವ ಮೊದಲಿನ 3 ದಿನಗಳಲ್ಲಿ ಎಷ್ಟು ಮನೆಯವರು ಸೈಟಿಗೆ ಬಂದಿದ್ದರು ಅಂತ ನೋಡಿ. ಆಗಿನ್ನೂ ಯಾರಿಗೂ ಆಡ್ ಬಂದಿಲ್ಲ, ಹಾಗಾಗಿ ಎರಡೂ ಗುಂಪಿನಲ್ಲಿ ಹತ್ತಿರ ಹತ್ತಿರ ಒಂದೇ ಅಂಕಿ ಇರಬೇಕು. ಆಡ್ ಗುಂಪಿನಲ್ಲಿ 1.4, ಕಂಟ್ರೋಲ್‌ನಲ್ಲಿ 1.1 ಬಂದರೆ ಗುಂಪುಗಳು ಮೊದಲೇ ಸಮ ಇರಲಿಲ್ಲ. ಬಹಳ ಸಲ ಕಾರಣ ಏನೆಂದರೆ, ಈ ಮೊದಲೇ ಸೈಟಿಗೆ ಬಂದವರನ್ನು ಹುಡುಕಿ ಆಡ್ ತೋರಿಸುವ ಪಟ್ಟಿಯನ್ನು ಯಾರೋ ಅದೇ ಕ್ಯಾಂಪೇನಿಗೆ ಸೇರಿಸಿರುತ್ತಾರೆ. ಬರುವವರನ್ನೇ ಆರಿಸಿ ಆಡ್ ತೋರಿಸಿದರೆ ಅವರು ಬರುತ್ತಾರೆ, ಅದರಲ್ಲಿ ಆಡ್‌ನ ಪಾತ್ರ ಗೊತ್ತಾಗುವುದಿಲ್ಲ.

ಮೊಬೈಲ್ ಡೇಟಾದಲ್ಲಿ ಬಂದ ಭೇಟಿಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಮನೆಯಲ್ಲಿ ವೈಫೈ ಇದ್ದರೂ ಫೋನಿನಲ್ಲಿ ಡೇಟಾ ಆನ್ ಇಟ್ಟುಕೊಳ್ಳುವವರು ಬಹಳ. ಎರಡೂ ಗುಂಪಿನಲ್ಲಿ ಒಂದೇ ಪ್ರಮಾಣದಲ್ಲಿ ತಪ್ಪುವುದರಿಂದ ಹೋಲಿಕೆ ಕೆಡುವುದಿಲ್ಲ, ಆದರೆ ಆ 60 ಅನ್ನುವುದು ನಿಜಕ್ಕಿಂತ ಕಡಿಮೆ ಇರುತ್ತದೆ. ಸಿಜಿನ್ಯಾಟ್‌ನ ತಪ್ಪು ಹೊಂದಿಕೆಗಳು ಬೇರೆ ರೀತಿ ಕಾಡುತ್ತವೆ. ಅವು ಎರಡೂ ಗುಂಪಿನ ಅಂಕಿಯನ್ನು ಒಟ್ಟಿಗೆ ಮೇಲೆತ್ತುತ್ತವೆ, ನಡುವಿನ ವ್ಯತ್ಯಾಸವನ್ನು ಮಸುಕು ಮಾಡುತ್ತವೆ. 'ನಮ್ಮಲ್ಲಿ ಹೊಂದಿಕೆ ಪ್ರಮಾಣ ತುಂಬಾ ಜಾಸ್ತಿ' ಅಂತ ಯಾರಾದರೂ ಹೇಳಿದರೆ ಮೊದಲು ಹಂಚಿಕೆಯ ಐಪಿಗಳನ್ನು ತೆಗೆದಿದ್ದಾರಾ ಅಂತ ಕೇಳಿ.

6. ಲಾಗ್ ಸಿಗದಿದ್ದರೆ

ಯೂಟ್ಯೂಬ್‌ನಲ್ಲಿ ಮಾತ್ರ ಆಡ್ ಹಾಕುವವರು ಗೂಗಲ್ ಆಡ್ಸ್ ವರದಿಯನ್ನು ಸಾಧನವಾರು ಬಿಡಿಸಿ, `TV screens` ಸಾಲನ್ನು ಬೇರೆ ನೋಡಬೇಕು. ಭೇಟಿಗಳ ಬದಲು ಆರ್ಡರುಗಳನ್ನು ಊರುವಾರು ಹೋಲಿಸುವ ದಾರಿ ಇದೆ: ಕೆಲವು ಊರುಗಳಲ್ಲಿ ಆಡ್ ಹಾಕಿ, ಕೆಲವು ಕಡೆ ಬಿಟ್ಟು, ಆರ್ಡರುಗಳ ಪಿನ್‌ಕೋಡ್ ನೋಡಿ. ಐಪಿಯಿಂದ ಊರು ಹೇಳುವ ಸೇವೆಗಳನ್ನು ನಂಬಬೇಡಿ. ಕುಂದಾಪುರದ ಫೋನು ಬೆಂಗಳೂರು ಅಂತ ಕಾಣುವುದು ಹೊಸದೇನಲ್ಲ. ಕೊರಿಯರ್ ವಿಳಾಸದ ಪಿನ್‌ಕೋಡ್ ಸುಳ್ಳು ಹೇಳುವುದಿಲ್ಲ.

ಮಂಗಳೂರಿಗೆ ಆಡ್ ಹಾಕಿ ಉಡುಪಿಯನ್ನು ಕಂಟ್ರೋಲ್ ಮಾಡಬೇಡಿ. ದಿನಾ ಬಸ್ಸಿನಲ್ಲಿ ಓಡಾಡುವ ಜನ, ಎರಡೂ ಕಡೆ ಮನೆ ಇರುವವರು, ಬೆರಕೆ ಆಗಿಬಿಡುತ್ತದೆ. ಎರಡು ಜಿಲ್ಲೆಯನ್ನು ಒಂದು ಘಟಕ ಮಾಡಿ, ಶಿವಮೊಗ್ಗ, ಹಾಸನ, ಮೈಸೂರಿನಂಥ ಕಡೆಯ ಜೊತೆ ಹೋಲಿಸಿ. ದಸರಾ ವಾರ ಬೇಡ. ಎರಡು ವರ್ಷಕ್ಕೊಮ್ಮೆ ಉಡುಪಿಯ ಪರ್ಯಾಯ ಉತ್ಸವ ಬರುವ ಜನವರಿ ಬೇಡ. ಆ ಹೊತ್ತಿನ ಏರಿಳಿತಕ್ಕೆ ಆಡ್ ಕಾರಣ ಅಲ್ಲ. ಆಡ್ ಹಾಕುವ ಮೊದಲಿನ ಕೆಲವು ವಾರಗಳ ಆರ್ಡರ್ ಸಂಖ್ಯೆ ಎರಡೂ ಕಡೆ ಒಟ್ಟಿಗೆ ಏರಿ ಇಳಿದಿದೆಯಾ ಅಂತ ನೋಡಿಯೇ ಊರು ಆರಿಸಿ.

ಆಡ್‌ನಲ್ಲಿ ಕ್ಯೂಆರ್ ಕೋಡ್ ಹಾಕಬಹುದು. ಮೊಬೈಲ್ ಡೇಟಾದಲ್ಲಿ ಬಂದವರೂ ಅದರಲ್ಲಿ ಸಿಗುತ್ತಾರೆ. ಕೋಡ್ ಕೊನೆಯ 3 ಸೆಕೆಂಡ್ ತೋರಿಸಿದರೆ ಫೋನ್ ಹುಡುಕುವಷ್ಟರಲ್ಲಿ ಹೋಗಿರುತ್ತದೆ, ಪೂರ್ತಿ ಆಡ್‌ನಲ್ಲಿ ಮೂಲೆಯಲ್ಲಿ ಇರಲಿ. ಸ್ಕ್ಯಾನ್ ಮಾಡಿದವರು ಮಾತ್ರ ಬಂದವರು ಅಂತ ತಿಳಿಯಬೇಡಿ, ಹೆಸರು ನೆನಪಿಟ್ಟುಕೊಂಡು ಆಮೇಲೆ ಸರ್ಚ್ ಮಾಡಿ ಬರುವವರು ಅದರಲ್ಲಿ ಇರುವುದಿಲ್ಲ.

7. ಐಪಿ ಪಟ್ಟಿಯನ್ನು ಇಟ್ಟುಕೊಳ್ಳುವ ರೀತಿ

ಮನೆಯೊಂದನ್ನು ಗುರುತಿಸಬಲ್ಲ ಐಪಿ ಮತ್ತು ಟಿವಿ ಐಡಿ ಜನರ ಖಾಸಗಿ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸೈಟಿನಲ್ಲಿ ಯಾವ ಮಾಹಿತಿ ಯಾಕೆ ತೆಗೆದುಕೊಳ್ಳುತ್ತೀರಿ ಅಂತ ಕನ್ನಡದಲ್ಲೂ ಬರೆದು ಒಪ್ಪಿಗೆ ಪಡೆಯಿರಿ. ಐಪಿಗಳನ್ನು ವಾಟ್ಸ್ಯಾಪ್‌ನಲ್ಲಿ ಎಕ್ಸೆಲ್ ಮಾಡಿ ಏಜೆನ್ಸಿಗೆ ಕಳಿಸುವ ಅಭ್ಯಾಸ ಬಿಡಿ. ಎರಡೂ ಕಡೆ ಒಂದೇ ಗುಟ್ಟಿನ ಕೀಲಿ ಇಟ್ಟು ಹ್ಯಾಶ್ ಮಾಡಿದ ಗುರುತುಗಳನ್ನು ಮಾತ್ರ ಹೋಲಿಸಬೇಕು. ಹ್ಯಾಶ್ ಅಂದರೆ ಮೂಲ ನಂಬರಿನ ಬದಲು ಅದರಿಂದ ಹುಟ್ಟಿಸಿದ ಒಂದು ಗುರುತು. ಕೀಲಿ ಇಲ್ಲದ ಬರೀ ಹ್ಯಾಶ್ ಸಾಲದು. ಐಪಿವಿ4 ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ, ಒಂದು ಕಂಪ್ಯೂಟರ್ ಎಲ್ಲವನ್ನೂ ಹ್ಯಾಶ್ ಮಾಡಿ ತಿರುಗಿ ಹುಡುಕಬಲ್ಲದು. ಎಣಿಕೆ ಮುಗಿದ ಮೇಲೆ ಎರಡು ಗುಂಪಿನ ಒಟ್ಟು ಸಂಖ್ಯೆಗಳನ್ನು ಉಳಿಸಿಕೊಂಡು ಪಟ್ಟಿಯನ್ನು ಅಳಿಸಿ, ಏಜೆನ್ಸಿಯವರೂ ಅಳಿಸಿದ್ದಾರೆ ಅಂತ ಈಮೇಲ್‌ನಲ್ಲಿ ಬರೆಸಿಕೊಳ್ಳಿ.